ದಿನಕ್ಕೆ ಐದೂವರೆ ರೂಪಾಯಿ

ಉಳಿತಾಯ ಖಾತೆಯಿಂದ ಬ್ಯಾಂಕು ಎಸ್‌ಎಂಎಸ್ ಶುಲ್ಕವೆಂದು ಇಪ್ಪತ್ತು ರೂಪಾಯಿ ಮುರಿದುಕೊಂಡರೆ ಪಾಸ್‌ಬುಕ್ಕಿನಲ್ಲಿ ಅದಕ್ಕೊಂದು ಸಾಲು ಬೀಳುತ್ತದೆ. ಆ ಸಾಲನ್ನು ಬೆರಳಿಟ್ಟು ತೋರಿಸಿ ಕೌಂಟರಿನಲ್ಲಿ ಜಗಳ ಕಾಯುವವರನ್ನು ನಾವೆಲ್ಲ ನೋಡಿದ್ದೇವೆ. ಅವರೇ ಮ್ಯೂಚುವಲ್ ಫಂಡಿನಲ್ಲಿ ಹತ್ತು ಲಕ್ಷ ಇಟ್ಟಿದ್ದರೆ ವರ್ಷಕ್ಕೆ ಹದಿನೈದು, ಇಪ್ಪತ್ತು ಸಾವಿರ ರೂಪಾಯಿ ಶುಲ್ಕವಾಗಿ ಹೋಗುತ್ತಿರಬಹುದು. ಅದಕ್ಕೆ ಎಸ್‌ಎಂಎಸ್ ಬರುವುದಿಲ್ಲ, ಖಾತೆಯಲ್ಲಿ ಸಾಲೂ ಬೀಳುವುದಿಲ್ಲ, ಕೈಯಲ್ಲಿರುವ ಯೂನಿಟ್‌ಗಳಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಈ ಶುಲ್ಕದ ಹೆಸರು ಎಕ್ಸ್‌ಪೆನ್ಸ್ ರೇಶಿಯೊ, ಅಂದರೆ ವೆಚ್ಚ ಅನುಪಾತ.

ಅದು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಅದನ್ನು ತೆಗೆದುಕೊಳ್ಳುವ ಬಗೆಯಲ್ಲಿದೆ. ಫಂಡಿನ ಬಳಿ ಇರುವ ಷೇರು, ಬಾಂಡು, ನಗದು ಎಲ್ಲದರ ಬೆಲೆಯನ್ನು ಪ್ರತಿ ವಹಿವಾಟು ದಿನದ ಕೊನೆಗೆ ಕೂಡಿಸುತ್ತಾರೆ. ಅದರಿಂದ ವೆಚ್ಚವನ್ನು ಕಳೆದು, ಉಳಿದದ್ದನ್ನು ಯೂನಿಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಅಂದಿನ ಎನ್‌ಎವಿ ಸಿಗುತ್ತದೆ. ವೆಚ್ಚ ಅನುಪಾತವನ್ನು ವರ್ಷದ ಲೆಕ್ಕದಲ್ಲಿ ಹೇಳಿದರೂ ಅದನ್ನು ದಿನದ ಪಾಲಿನಂತೆ ಕಳೆಯುತ್ತಾ ಹೋಗುತ್ತಾರೆ. ಶೇ 2ರ ಅನುಪಾತವಿರುವ ಫಂಡಿನಲ್ಲಿ ನಿಮ್ಮ ಒಂದು ಲಕ್ಷವಿದ್ದರೆ, ಶೇ 2 ಎಂದರೆ ಎರಡು ಸಾವಿರ. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು ಐದೂವರೆ ರೂಪಾಯಿ. ಮಾರುಕಟ್ಟೆ ದಿನಕ್ಕೆ ಸಾವಿರ ರೂಪಾಯಿ ಏರಿಳಿಸುವ ಮೊತ್ತದಲ್ಲಿ ಐದೂವರೆ ರೂಪಾಯಿ ಎಲ್ಲಿ ಕಂಡೀತು?

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಪತ್ರಿಕೆಯಲ್ಲೋ ಆ್ಯಪ್‌ನಲ್ಲೋ ಫಂಡಿನ ಗಳಿಕೆ ಶೇ 11 ಎಂದಿದ್ದರೆ, ಅದರಿಂದ ಶೇ 2 ಕಳೆದರೆ ತಮಗೆ ಬರುವುದು ಶೇ 9 ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಹಾಗಲ್ಲ. ಎನ್‌ಎವಿಯೇ ವೆಚ್ಚ ಕಳೆದ ಮೇಲಿನ ಅಂಕಿ, ಅದರಿಂದ ಲೆಕ್ಕ ಹಾಕಿದ ಗಳಿಕೆಯೂ ಕಳೆದ ಮೇಲಿನದೇ. ಎರಡನೇ ಸಲ ಕಳೆಯಬೇಕಿಲ್ಲ. ಆದರೆ ಫಂಡು ನಿಜವಾಗಿ ದುಡಿದದ್ದು ಶೇ 13ರಷ್ಟು, ಅದರಲ್ಲಿ ಎರಡು ದಾರಿಯಲ್ಲೇ ಹೋಯಿತು ಎಂಬುದು ಆ ಅಂಕಿಯನ್ನು ನೋಡಿದವರಿಗೆ ತಿಳಿಯುವುದಿಲ್ಲ.

ಈ ಹಣ ಯಾರಿಗೆ ಹೋಗುತ್ತದೆ? ಒಂದು ಪಾಲು ಫಂಡನ್ನು ನಡೆಸುವ ಕಂಪನಿಗೆ, ಅಂದರೆ ಯಾವ ಷೇರು ಕೊಳ್ಳಬೇಕು ಎಂದು ತೀರ್ಮಾನಿಸುವ ಮ್ಯಾನೇಜರ್ ಮತ್ತು ಅವರ ತಂಡಕ್ಕೆ. ಲೆಕ್ಕ ಇಡುವ ರಿಜಿಸ್ಟ್ರಾರ್, ಷೇರುಗಳನ್ನು ಕಾಪಿಡುವ ಕಸ್ಟೋಡಿಯನ್, ಆಡಿಟರ್, ಟ್ರಸ್ಟಿಗಳಿಗೂ ಸಣ್ಣ ಪಾಲುಗಳಿವೆ. ದೊಡ್ಡ ವ್ಯತ್ಯಾಸ ತರುವುದು ಇನ್ನೊಂದು ಬಾಬ್ತು: ಫಂಡನ್ನು ನಿಮಗೆ ಮಾರಿದ ಏಜೆಂಟರಿಗೆ, ಬ್ಯಾಂಕಿಗೆ ಹೋಗುವ ಕಮಿಷನ್. ಇದನ್ನು ಟ್ರೇಲ್ ಕಮಿಷನ್ ಎನ್ನುತ್ತಾರೆ. ನಿಮ್ಮ ಹಣ ಫಂಡಿನಲ್ಲಿ ಇರುವಷ್ಟು ಕಾಲವೂ ಅದು ಸಲ್ಲುತ್ತಲೇ ಇರುತ್ತದೆ. ಹತ್ತು ವರ್ಷದ ಹಿಂದೆ ಒಂದು ಫಾರ್ಮಿಗೆ ಸಹಿ ಹಾಕಿಸಿಕೊಂಡು ಹೋದವರು ಮತ್ತೆ ಮುಖ ತೋರಿಸದಿದ್ದರೂ ಸಲ್ಲುತ್ತದೆ.

ಈ ಕಮಿಷನ್ ಇಲ್ಲದ ಬಗೆಯನ್ನು ಸೆಬಿ 2013ರ ಜನವರಿ 1ರಿಂದ ಕಡ್ಡಾಯ ಮಾಡಿತು. ಅಂದಿನಿಂದ ಪ್ರತಿ ಯೋಜನೆಗೂ ಎರಡು ಬಾಗಿಲು. ಕಮಿಷನ್ ಸೇರಿದ್ದು ರೆಗ್ಯುಲರ್, ಹೂಡಿಕೆದಾರರು ಫಂಡ್ ಕಂಪನಿಯ ಬಳಿ ನೇರವಾಗಿ ಹೂಡುವುದು ಡೈರೆಕ್ಟ್. ಒಳಗಿರುವುದು ಅವೇ ಷೇರುಗಳು, ಅದೇ ಮ್ಯಾನೇಜರ್, ಅದೇ ದಿನದ ಕೊಳ್ಳುವಿಕೆ ಮತ್ತು ಮಾರಾಟ. ಬೇರೆಯಾಗಿರುವುದು ವೆಚ್ಚ ಅನುಪಾತ ಮಾತ್ರ. ಹಾಗಾಗಿ ವೆಚ್ಚ ಏನು ಮಾಡುತ್ತದೆ ಎಂಬುದನ್ನು ಬೇರೆ ಯಾವ ಗೊಂದಲವೂ ಇಲ್ಲದೆ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಇಬ್ಬರು ಅಕ್ಕತಂಗಿಯರು ಒಂದೇ ಈಕ್ವಿಟಿ ಫಂಡಿನಲ್ಲಿ ತಿಂಗಳಿಗೆ ಹತ್ತು ಸಾವಿರದ ಎಸ್‌ಐಪಿ ಶುರು ಮಾಡಿದರು ಎಂದಿಟ್ಟುಕೊಳ್ಳಿ. ಅಕ್ಕ ಬ್ಯಾಂಕಿನ ಮೂಲಕ ರೆಗ್ಯುಲರ್‌ನಲ್ಲಿ, ವೆಚ್ಚ ಶೇ 2. ತಂಗಿ ಡೈರೆಕ್ಟ್‌ನಲ್ಲಿ, ವೆಚ್ಚ ಶೇ 1. ವೆಚ್ಚಕ್ಕೆ ಮೊದಲು ಫಂಡು ವರ್ಷಕ್ಕೆ ಶೇ 12ರಂತೆ ದುಡಿಯುತ್ತದೆ ಎಂದುಕೊಳ್ಳೋಣ. ನಿಜವಾದ ಮಾರುಕಟ್ಟೆ ಹೀಗೆ ಸಮವಾಗಿ ನಡೆಯುವುದಿಲ್ಲ, ಇದು ಲೆಕ್ಕ ತಿಳಿಯಲು ಮಾತ್ರ. 25 ವರ್ಷದಲ್ಲಿ ಇಬ್ಬರೂ ಕಟ್ಟುವುದು ತಲಾ 30 ಲಕ್ಷ. ವೆಚ್ಚವೇ ಇರದಿದ್ದರೆ ಅದು ಸುಮಾರು 1 ಕೋಟಿ 70 ಲಕ್ಷ ಆಗುತ್ತಿತ್ತು. ತಂಗಿಗೆ ಶೇ 11ರ ಲೆಕ್ಕದಲ್ಲಿ ಸಿಗುವುದು ಸುಮಾರು 1 ಕೋಟಿ 45 ಲಕ್ಷ. ಅಕ್ಕನಿಗೆ ಶೇ 10ರಂತೆ 1 ಕೋಟಿ 24 ಲಕ್ಷ. ಇಬ್ಬರ ನಡುವಿನ ಅಂತರ 21 ಲಕ್ಷ ರೂಪಾಯಿ.

ಅಕ್ಕನ ಲೆಕ್ಕವನ್ನು ಇನ್ನೂ ಸ್ವಲ್ಪ ನೋಡಬೇಕು. ಹನ್ನೆರಡರಲ್ಲಿ ಎರಡು ಹೋದರೆ ಲಾಭದಲ್ಲಿ ಆರನೇ ಒಂದು ಪಾಲು ಹೋದಂತೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ವೆಚ್ಚವಿಲ್ಲದಿದ್ದರೆ ಅವರ ಲಾಭ 1 ಕೋಟಿ 40 ಲಕ್ಷ; ಈಗ ಸಿಕ್ಕಿದ್ದು 94 ಲಕ್ಷ. ಹೋದದ್ದು ಸುಮಾರು ಮೂರನೇ ಒಂದು ಪಾಲು. ಶುಲ್ಕವಾಗಿ ಹೋದ ಹಣ ಒಳಗೇ ಉಳಿದಿದ್ದರೆ ಅದೂ ದುಡಿಯುತ್ತಿತ್ತು, ಆ ದುಡಿಮೆಯ ಮೇಲೂ ದುಡಿಮೆ ಬರುತ್ತಿತ್ತು. ಶುಲ್ಕದ ಜೊತೆಗೆ ಅದರ ಚಕ್ರಬಡ್ಡಿಯೂ ಹೋಗುವುದರಿಂದ ಪಾಲು ಇಷ್ಟು ದೊಡ್ಡದಾಗುತ್ತದೆ.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತಲೂ ಹೆಚ್ಚು ಕಾಡುತ್ತದೆ. ಈ ಶುಲ್ಕವನ್ನು ತೆಗೆಯುವುದು ಲಾಭದಿಂದಲ್ಲ, ಇಡೀ ಮೊತ್ತದಿಂದ. ಮೊದಲ ವರ್ಷ ಅಕ್ಕನ ಖಾತೆಯಲ್ಲಿ ಹೆಚ್ಚು ಹಣವಿರುವುದಿಲ್ಲ, ಆಗ ಹೋಗುವುದು ಸುಮಾರು 1,300 ರೂಪಾಯಿ. ಹತ್ತೊಂಬತ್ತನೇ ವರ್ಷಕ್ಕೆ ಬರುವಾಗ ಮೊತ್ತ 60 ಲಕ್ಷ ದಾಟಿರುತ್ತದೆ. ಅದರ ಶೇ 2 ಎಂದರೆ 1 ಲಕ್ಷ 20 ಸಾವಿರಕ್ಕೂ ಹೆಚ್ಚು. ಅವರು ವರ್ಷವಿಡೀ ಕಟ್ಟುವ ಎಸ್‌ಐಪಿಯೂ 1 ಲಕ್ಷ 20 ಸಾವಿರವೇ. ಅಲ್ಲಿಂದ ಮುಂದೆ ಅವರು ಒಳಗೆ ಹಾಕುವುದಕ್ಕಿಂತ ಶುಲ್ಕವಾಗಿ ಹೊರಗೆ ಹೋಗುವುದೇ ಹೆಚ್ಚು. ಕೊನೆಯ ವರ್ಷ ಅದು ಸುಮಾರು 2 ಲಕ್ಷ 36 ಸಾವಿರ, ಕಟ್ಟುವುದರ ಹೆಚ್ಚೂಕಡಿಮೆ ಎರಡರಷ್ಟು. ಮಾರುಕಟ್ಟೆ ಕುಸಿದು ನಷ್ಟವಾದ ವರ್ಷದಲ್ಲೂ ಉಳಿದ ಮೊತ್ತದ ಮೇಲೆ ಶುಲ್ಕ ತಪ್ಪುವುದಿಲ್ಲ.

ಸಾಲಪತ್ರಗಳಲ್ಲಿ ಹೂಡುವ ಡೆಟ್ ಫಂಡುಗಳಲ್ಲಿ ಅನುಪಾತ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಇರುತ್ತದೆ, ಆದರೂ ಅದರ ಪೆಟ್ಟು ಚಿಕ್ಕದಲ್ಲ. ಫಂಡು ದುಡಿದದ್ದು ಶೇ 7, ಬೆಲೆಯೇರಿಕೆ ಶೇ 5 ಎಂದಾದರೆ ನಿಜವಾಗಿ ಮಿಗುವುದು ಎರಡು. ಅದರಲ್ಲಿ ಶೇ 1 ವೆಚ್ಚ ಹೋದರೆ ಅರ್ಧವೇ ಹೋಯಿತು.

ಶುಲ್ಕಕ್ಕೆ ಮಿತಿ ಇಲ್ಲವೆಂದಲ್ಲ. 2019ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಸೆಬಿ ನಿಯಮದಲ್ಲಿ ಈಕ್ವಿಟಿ ಫಂಡಿನ ಮೊದಲ 500 ಕೋಟಿಗೆ ಗರಿಷ್ಠ ಶೇ 2.25 ಎಂದಿತ್ತು. ಫಂಡು ದೊಡ್ಡದಾದಂತೆ ಮಿತಿ ಇಳಿಯುತ್ತಾ 50,000 ಕೋಟಿ ಮೀರಿದ ಭಾಗಕ್ಕೆ ಶೇ 1.05 ಆಗುತ್ತಿತ್ತು. ನಿರ್ವಹಣಾ ಶುಲ್ಕದ ಮೇಲಿನ ಜಿಎಸ್‌ಟಿ ಇದಕ್ಕೆ ಹೊರತು. 2025ರ ಡಿಸೆಂಬರ್‌ನಲ್ಲಿ ಸೆಬಿ ಮಂಡಳಿ ಈ ವ್ಯವಸ್ಥೆಯನ್ನು ಪರಿಷ್ಕರಿಸಿ, ತೆರಿಗೆಗಳನ್ನು ಮೂಲ ವೆಚ್ಚದಿಂದ ಬೇರ್ಪಡಿಸಿ ತೋರಿಸುವ ಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಇವೆಲ್ಲ ಗರಿಷ್ಠ ಮಿತಿಗಳು. ಅದರೊಳಗೆ ಎಷ್ಟು ತೆಗೆದುಕೊಳ್ಳಬೇಕೆಂದು ಕಂಪನಿ ತೀರ್ಮಾನಿಸುತ್ತದೆ, ಆಗಾಗ ಬದಲಿಸುತ್ತದೆ ಕೂಡ. ಬದಲಿಸುವ ಮುನ್ನ ಹೂಡಿಕೆದಾರರಿಗೆ ಇಮೇಲ್ ಅಥವಾ ಎಸ್‌ಎಂಎಸ್ ಕಳಿಸಬೇಕು. ಜಾಹೀರಾತುಗಳ ರಾಶಿಯಲ್ಲಿ ನಾವು ಓದದೆ ಅಳಿಸಿಹಾಕುವ ಸಂದೇಶಗಳಲ್ಲಿ ಇದೂ ಒಂದು.

ನಿಮ್ಮ ಫಂಡಿನಲ್ಲಿ ಎರಡು ಬಾಗಿಲುಗಳ ಅಂತರ ಎಷ್ಟೆಂದು ನೀವೇ ಅಳೆಯಬಹುದು. 2013ಕ್ಕೂ ಹಿಂದಿನ ಫಂಡುಗಳಲ್ಲಿ ಡೈರೆಕ್ಟ್ ಶುರುವಾದಾಗ ಅದರ ಎನ್‌ಎವಿ ರೆಗ್ಯುಲರ್‌ನ ಎನ್‌ಎವಿಗೆ ಸಮನಾಗಿತ್ತು. ಆಮೇಲೆ ಅವೆರಡೂ ದೂರವಾಗುತ್ತಾ ಬಂದಿವೆ. ಗ್ರೋತ್ ಆಯ್ಕೆಯ ಎರಡು ಎನ್‌ಎವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹನ್ನೆರಡು ವರ್ಷದ ಬಳಿಕ ಒಂದು 200, ಇನ್ನೊಂದು 226 ಆಗಿದ್ದರೆ ಡೈರೆಕ್ಟ್‌ನವರ ಬಳಿ ಶೇ 13ರಷ್ಟು ಹೆಚ್ಚು ಹಣವಿದೆ, ಅಂದರೆ ವರ್ಷಕ್ಕೆ ಸುಮಾರು ಶೇ 1ರ ಅಂತರ. ಲಾಭ ಹಂಚುವ ಆಯ್ಕೆಯಲ್ಲಿ ಹಂಚಿದಾಗಲೆಲ್ಲ ಎನ್‌ಎವಿ ಇಳಿಯುವುದರಿಂದ ಅಲ್ಲಿ ಈ ಅಳತೆ ಹೊಂದುವುದಿಲ್ಲ.

ನೀವಿರುವುದು ಯಾವ ಬಾಗಿಲಲ್ಲಿ ಎಂದು ತಿಳಿಯಲು ಸ್ಟೇಟ್‌ಮೆಂಟಿನಲ್ಲಿ ಯೋಜನೆಯ ಪೂರ್ತಿ ಹೆಸರು ಓದಿ. ಡೈರೆಕ್ಟ್ ಎಂಬ ಪದ ಇಲ್ಲದಿದ್ದರೆ ಅದು ರೆಗ್ಯುಲರ್ ಎಂದೇ ತಿಳಿಯಬಹುದು. ಏಜೆಂಟರ ಎಆರ್‌ಎನ್ ಸಂಖ್ಯೆಯೂ ಅಲ್ಲಿರುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರಿಗೆ ಮುಗಿಯುವ ಅರ್ಧವರ್ಷದ ಕ್ರೋಡೀಕೃತ ಸ್ಟೇಟ್‌ಮೆಂಟಿನಲ್ಲಿ ನಿಮ್ಮ ಹೂಡಿಕೆಯಿಂದ ಏಜೆಂಟರಿಗೆ ಸಂದ ಕಮಿಷನ್ ಎಷ್ಟೆಂದು ರೂಪಾಯಿಯಲ್ಲೇ ಬರೆದಿರುತ್ತದೆ. ಶೇಕಡಾ ಲೆಕ್ಕದಲ್ಲಿ ಚಿಕ್ಕದಾಗಿ ಕಂಡದ್ದು ಅಲ್ಲಿ ತನ್ನ ನಿಜವಾದ ಗಾತ್ರದಲ್ಲಿ ಕಾಣುತ್ತದೆ.

ಹಾಗೆಂದು ಏಜೆಂಟರೆಲ್ಲ ದಂಡ ಎನ್ನಲಾರೆ. 2020ರ ಮಾರ್ಚ್‌ನಲ್ಲಿ ಮಾರುಕಟ್ಟೆ ಕುಸಿದಾಗ ಹೆದರಿ ಎಲ್ಲವನ್ನೂ ಮಾರಲು ಹೊರಟವರನ್ನು ತಡೆದು ನಿಲ್ಲಿಸಿದ ಏಜೆಂಟರು ತಮ್ಮ ಕಮಿಷನ್ನಿನ ಎಷ್ಟೋ ಪಟ್ಟು ಉಳಿಸಿಕೊಟ್ಟಿದ್ದಾರೆ. ನಾಮಿನಿ ಹೆಸರು, ಕೆವೈಸಿ, ಹೂಡಿಕೆದಾರರು ತೀರಿಕೊಂಡಾಗ ಮನೆಯವರ ಕಾಗದಪತ್ರ, ಇವನ್ನೆಲ್ಲ ಓಡಾಡಿ ಮಾಡಿಸಿಕೊಡುವವರಿಗೆ ಸಲ್ಲುವ ಹಣ ನ್ಯಾಯವಾದದ್ದೇ. ನನ್ನ ತಕರಾರು ಸೇವೆ ಇಲ್ಲದೆ ಸಲ್ಲುವ ಹಣದ ಬಗ್ಗೆ. ಹಾಗೆಯೇ, ವೆಚ್ಚ ಕಡಿಮೆ ಎಂಬ ಒಂದೇ ಕಾರಣಕ್ಕೆ ಫಂಡು ಒಳ್ಳೆಯದಾಗುವುದಿಲ್ಲ. ಹೋಲಿಸುವಾಗ ಒಂದೇ ಜಾತಿಯವನ್ನು ಹೋಲಿಸಬೇಕು. ಸೂಚ್ಯಂಕವನ್ನು ಹಾಗೇ ಅನುಸರಿಸುವ ಇಂಡೆಕ್ಸ್ ಫಂಡಿನ ವೆಚ್ಚವನ್ನು ಷೇರು ಹುಡುಕಿ ಕೊಳ್ಳುವ ಸ್ಮಾಲ್ ಕ್ಯಾಪ್ ಫಂಡಿನ ಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ.

ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಹೋಗಲು ಮನಸ್ಸು ಮಾಡಿದವರು ಆತುರಪಡಬಾರದು. ಅದೇ ಫಂಡಿಗೆ ಬದಲಿಸಿದರೂ ಕಾನೂನಿನ ಕಣ್ಣಲ್ಲಿ ಅದು ಮಾರಿ ಮತ್ತೆ ಕೊಂಡಂತೆ. ಈಕ್ವಿಟಿ ಫಂಡನ್ನು ಒಂದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇ 20 ತೆರಿಗೆ, ಹಲವು ಫಂಡುಗಳಲ್ಲಿ ಎಕ್ಸಿಟ್ ಲೋಡ್ ಎಂಬ ದಂಡವೂ ಸೇರಿಕೊಳ್ಳುತ್ತದೆ. ಒಂದು ವರ್ಷ ದಾಟಿದ್ದರೆ, 2024ರ ಜುಲೈ 23ರಿಂದ ಇರುವ ನಿಯಮದಂತೆ, ಷೇರು ಮತ್ತು ಈಕ್ವಿಟಿ ಫಂಡುಗಳಿಂದ ಆ ಹಣಕಾಸು ವರ್ಷದಲ್ಲಿ ಬಂದ ಒಟ್ಟು ಲಾಭದ ಮೊದಲ 1 ಲಕ್ಷ 25 ಸಾವಿರಕ್ಕೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇ 12.5. ಆದ್ದರಿಂದ ಹೊಸ ಎಸ್‌ಐಪಿಯನ್ನು ಡೈರೆಕ್ಟ್‌ನಲ್ಲಿ ಶುರು ಮಾಡಿ, ರೆಗ್ಯುಲರ್‌ನ ಎಸ್‌ಐಪಿ ನಿಲ್ಲಿಸಿ, ಹಳೆಯ ಯೂನಿಟ್‌ಗಳನ್ನು ವರ್ಷ ವರ್ಷವೂ ಆ ಮಿತಿಯೊಳಗೆ ಬರುವಷ್ಟೇ ಬದಲಿಸುತ್ತಾ ಹೋಗುವುದು ಲೇಸು. ತೆರಿಗೆ ಉಳಿಸಲು ಕೊಂಡ ಇಎಲ್‌ಎಸ್‌ಎಸ್ ಯೂನಿಟ್‌ಗಳಿಗೆ ಮೂರು ವರ್ಷದ ಬೀಗವಿರುವುದರಿಂದ ಅವನ್ನು ಅಲ್ಲಿಯವರೆಗೆ ಬದಲಿಸಲಾಗದು. ಎಸ್‌ಐಪಿಯಲ್ಲಿ ಕೊಂಡಿದ್ದರೆ ಒಂದೊಂದು ಕಂತಿಗೂ ಆ ಮೂರು ವರ್ಷವನ್ನು ಬೇರೆಬೇರೆಯಾಗಿ ಎಣಿಸಬೇಕು.