ಹೆಬ್ಬೆರಳಗಲದ ಚಿತ್ರ, ತಿಂಗಳ ಲೆಕ್ಕ

ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದಾರೆ ಎಂದುಕೊಳ್ಳೋಣ. ವಾರಕ್ಕೆ ಎರಡು ವಿಡಿಯೊ. ಗೊಬ್ಬರ, ಔಷಧಿ ಸಿಂಪಡಣೆ, ಕೊಯ್ಲು, ಮಾರುಕಟ್ಟೆ ದರ ಹೀಗೆ ತೋಟದವರಿಗೆ ಬೇಕಾದ ವಿಷಯಗಳು. ಮಾತು ಚೆನ್ನಾಗಿದೆ, ಅನುಭವ ಗಟ್ಟಿಯಾಗಿದೆ. ಆದರೆ ವಿಡಿಯೊ ತೆರೆದು ನೋಡುವವರು ಕಡಿಮೆ. ಇಂಥವರೇ ಥಂಬ್‌ನೇಲ್ ಮಾಡಿಕೊಡುವವರನ್ನು ಹುಡುಕಿಕೊಂಡು ಬರುತ್ತಾರೆ. ವಿಡಿಯೊ ಶುರುವಾಗುವ ಮೊದಲು ಪರದೆಯ ಮೇಲೆ ಕಾಣುವ ಆ ಒಂದು ಚಿತ್ರವನ್ನು ತಯಾರಿಸುವುದು ಈಗ ಊರೂರಲ್ಲಿ ಮನೆಯಲ್ಲೇ ಕೂತು ಮಾಡುವ ಕಸುಬಾಗಿದೆ. ಚಿತ್ರಕ್ಕೆ ಇಷ್ಟು ಎಂದು ಬಿಡಿಯಾಗಿ ಮಾಡಿಕೊಡುವವರಿದ್ದಾರೆ, ತಿಂಗಳಿಗೆ ಇಷ್ಟು ಎಂದು ಪ್ಯಾಕೇಜ್ ಮಾಡಿಕೊಳ್ಳುವವರೂ ಇದ್ದಾರೆ. ನನ್ನ ಮಟ್ಟಿಗೆ ಈ ಕೆಲಸಕ್ಕೆ ತಿಂಗಳ ಲೆಕ್ಕವೇ ಸರಿ. ಯಾವ ಚಿತ್ರ ಕೆಲಸ ಮಾಡುತ್ತದೆ ಎಂಬುದು ಒಂದೇ ಚಿತ್ರದಿಂದ ತಿಳಿಯುವುದಿಲ್ಲ.

ನಮ್ಮ ಬೆಳೆಗಾರರ ಮುಂದಿನ ವಿಡಿಯೊ ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ. ಮಲೆನಾಡಿನ ತೋಟಗಳನ್ನು ಕೆಲವು ವರ್ಷಗಳಿಂದ ಕಾಡುತ್ತಿರುವ ಶಿಲೀಂಧ್ರ ರೋಗ ಇದು. ಅವರು ತಮ್ಮ ಕೈಯಾರೆ ಮಾಡಿಕೊಂಡಿದ್ದ ಥಂಬ್‌ನೇಲ್‌ನಲ್ಲಿ ವಿಡಿಯೊದಿಂದಲೇ ತೆಗೆದ ಒಂದು ಮಸುಕು ಚಿತ್ರ, ಅದರ ಮೇಲೆ ‘ಅಡಿಕೆ ಎಲೆಚುಕ್ಕಿ ರೋಗದ ಲಕ್ಷಣಗಳು ಮತ್ತು ನಿಯಂತ್ರಣ ಕ್ರಮಗಳು’ ಎಂಬ ಎರಡು ಸಾಲಿನ ಬರಹ ಇತ್ತು. ತಪ್ಪು ಮಾಹಿತಿ ಒಂದೂ ಇಲ್ಲ. ಆದರೆ ಮೊಬೈಲ್‌ನಲ್ಲಿ ಅದು ಓದಲು ಬರುವುದಿಲ್ಲ.

ಥಂಬ್‌ನೇಲನ್ನು ನಾವು ತಯಾರಿಸುವುದು ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ, 1280 ಪಿಕ್ಸೆಲ್ ಅಗಲ, 720 ಪಿಕ್ಸೆಲ್ ಎತ್ತರದಲ್ಲಿ. ಜನ ನೋಡುವುದು ಹೆಚ್ಚಾಗಿ ಮೊಬೈಲ್‌ನಲ್ಲಿ. ಅದರಲ್ಲೂ ಚಾನೆಲ್‌ನ ವಿಡಿಯೊಗಳ ಪಟ್ಟಿಯಲ್ಲಿ ಈ ಚಿತ್ರ ಹೆಬ್ಬೆರಳಿನಷ್ಟಕ್ಕೆ ಕುಗ್ಗುತ್ತದೆ. ಆದ್ದರಿಂದ ಮುಗಿದ ಚಿತ್ರವನ್ನು ಸುಮಾರು 160 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ, ಮೊಬೈಲನ್ನು ಒಂದು ಮೊಳ ದೂರ ಹಿಡಿದು ನೋಡಬೇಕು. ಆಗಲೂ ವಿಷಯ ಏನೆಂದು ಗೊತ್ತಾದರೆ ಚಿತ್ರ ಪಾಸು. ಕೆಳಗಿನ ಬಲ ಮೂಲೆಯಲ್ಲಿ ವಿಡಿಯೊ ಎಷ್ಟು ನಿಮಿಷದ್ದು ಎಂದು ಯೂಟ್ಯೂಬೇ ಬರೆಯುತ್ತದೆ. ಅರ್ಧ ನೋಡಿ ಬಿಟ್ಟಿದ್ದವರಿಗೆ ತಳದಲ್ಲಿ ಕೆಂಪು ಪಟ್ಟಿಯೂ ಕಾಣುತ್ತದೆ. ಆ ಜಾಗಗಳಲ್ಲಿ ಬರಹ ಇಟ್ಟರೆ ಮುಚ್ಚಿಹೋಗುತ್ತದೆ.

ಕನ್ನಡದ ಥಂಬ್‌ನೇಲ್‌ಗೆ ಇನ್ನೊಂದು ತೊಡಕಿದೆ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು. ‘ನಿಯಂತ್ರಣ’ ಎಂದು ಬರೆದರೆ ‘ತ್ರ’ದ ಒತ್ತಿಗೆ ಕೆಳಗೆ ಜಾಗ ಬಿಡಬೇಕು. ಎರಡು ಸಾಲು ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಸಾಲುಗಳನ್ನು ದೂರ ಮಾಡಿದರೆ ಅಕ್ಷರ ಚಿಕ್ಕದಾಗುತ್ತದೆ. ಆದ್ದರಿಂದ ಥಂಬ್‌ನೇಲ್‌ಗೆ ಪದ ಆರಿಸುವಾಗ ಅರ್ಥದ ಜೊತೆ ಒತ್ತಕ್ಷರವನ್ನೂ ಎಣಿಸಬೇಕು. ‘ನಿಯಂತ್ರಣ ಕ್ರಮಗಳು’ ಬದಲಿಗೆ ‘ತಡೆ ಹೇಗೆ?’ ಎಂದರೆ ಅದೇ ಜಾಗದಲ್ಲಿ ಅಕ್ಷರ ಎಷ್ಟೋ ಪಾಲು ದೊಡ್ಡದಾಗಿ ಬರುತ್ತದೆ, ಮಾತೂ ತೋಟದ್ದೇ ಆಗುತ್ತದೆ. ಪೂರ್ತಿ ವಿಷಯ ಹೇಳಲು ಪಕ್ಕದಲ್ಲೇ ಶೀರ್ಷಿಕೆ ಇರುತ್ತದೆ. ಶೀರ್ಷಿಕೆಯನ್ನೇ ಚಿತ್ರದ ಮೇಲೆ ಇನ್ನೊಮ್ಮೆ ಬರೆಯುವುದು ಇರುವ ಸ್ವಲ್ಪ ಜಾಗವನ್ನೂ ಹಾಳುಮಾಡಿದಂತೆ.

ಫಾಂಟಿನಲ್ಲಿ ದಪ್ಪ ಗೆರೆಯದ್ದು, ಒಳಗಿನ ಬಿಳಿ ಜಾಗ ಮುಚ್ಚಿಹೋಗದಂಥದ್ದು ಬೇಕು. ಬಲೂ ತಮ್ಮ, ಅನೇಕ್ ಕನ್ನಡ, ನೋಟೊ ಸಾನ್ಸ್ ಕನ್ನಡ ಇವು ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ, ದುಡಿಮೆಯ ಕೆಲಸಕ್ಕೂ ಬಳಸಬಹುದು. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಅಂಟಿಸಿದರೆ ಒತ್ತುಗಳು ಕಳಚಿ, ‘ಚುಕ್ಕಿ’ ಎಂಬುದು ‘ಚುಕ್‌ಕಿ’ ಎಂದು ಕಾಣುವುದುಂಟು. ಅದು ಫಾಂಟಿನ ದೋಷವಲ್ಲ. ಸೆಟ್ಟಿಂಗ್‌ನ Type ವಿಭಾಗದಲ್ಲಿ Middle Eastern and South Asian ಎಂಬುದನ್ನು ಆರಿಸಿ, ತಂತ್ರಾಂಶವನ್ನು ಮತ್ತೆ ತೆರೆದು ಹೊಸ ಫೈಲ್‌ನಲ್ಲಿ ಬರೆದರೆ ಸರಿಹೋಗುತ್ತದೆ. ಕಳಚಿದ ಒತ್ತಿನೊಂದಿಗೆ ಪ್ರಕಟವಾದ ಥಂಬ್‌ನೇಲ್ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಓದುವವರ ಭಾಷೆಯ ಬಗ್ಗೆ ಅಷ್ಟಾದರೂ ಕಾಳಜಿ ಇರಬೇಕು.

ಚಿತ್ರಕ್ಕೆ ಕಚ್ಚಾ ಸಾಮಗ್ರಿ ಎಲ್ಲಿಂದ ಬರಬೇಕು? ವಿಡಿಯೊದಿಂದ ಕತ್ತರಿಸಿದ ಚಿತ್ರದಲ್ಲಿ ಕೈ ಅಲುಗಿರುತ್ತದೆ, ಬಾಯಿ ಅರ್ಧ ತೆರೆದಿರುತ್ತದೆ. ಆದ್ದರಿಂದ ಚಿತ್ರೀಕರಣದ ದಿನವೇ ಕೆಲವು ಫೋಟೊ ತೆಗೆದುಕೊಡುವಂತೆ ಮೊದಲೇ ಹೇಳಿಡಬೇಕು. ನಮ್ಮ ಬೆಳೆಗಾರರಿಗೆ ಬೇಕಾದವು ಮೂರು: ಚುಕ್ಕಿ ಬಿದ್ದ ಎಲೆ ಹತ್ತಿರದಿಂದ, ಅದೇ ಎಲೆಯನ್ನು ಹಿಡಿದು ಕ್ಯಾಮೆರಾ ನೋಡುತ್ತಿರುವ ಅವರ ಮುಖ, ಸೊರಗಿದ ಮರವೂ ಹಸಿರಾದ ಮರವೂ ಒಟ್ಟಿಗೆ ಕಾಣುವ ದೂರದ ನೋಟ. ಇವು ಮೂರು ಬೇರೆ ಬೇರೆ ಶೈಲಿಗಳಿಗೆ ಬುನಾದಿ. ಇವಿದ್ದರೆ ಇನ್ನಾರದೋ ಫೋಟೊವನ್ನು ಅನುಮತಿಯಿಲ್ಲದೆ ಎತ್ತಿಕೊಳ್ಳುವ ಪ್ರಮೇಯವೂ ಬರುವುದಿಲ್ಲ.

ಇನ್ನು ಪರೀಕ್ಷೆಯ ವಿಷಯ. 2024ರಿಂದ ಯೂಟ್ಯೂಬ್ ಸ್ಟುಡಿಯೊದಲ್ಲಿ ಒಂದೇ ವಿಡಿಯೊಗೆ ಮೂರು ಥಂಬ್‌ನೇಲ್‌ವರೆಗೆ ಹಾಕಿ ಹೋಲಿಸಿ ನೋಡುವ ಸೌಲಭ್ಯ ಹೆಚ್ಚಿನ ಕ್ರಿಯೇಟರ್‌ಗಳಿಗೆ ಸಿಕ್ಕಿದೆ. ಅದು ನೋಡುಗರಲ್ಲಿ ಕೆಲವರಿಗೆ ಮೊದಲನೆಯದನ್ನೂ ಕೆಲವರಿಗೆ ಎರಡನೆಯದನ್ನೂ ಮೂರನೆಯದನ್ನೂ ತೋರಿಸುತ್ತಾ ಹೋಗಿ, ಹೆಚ್ಚೆಂದರೆ ಎರಡು ವಾರದೊಳಗೆ ಫಲಿತಾಂಶ ಹೇಳುತ್ತದೆ. ಶಾರ್ಟ್ಸ್‌ಗೆ ಇದು ಇಲ್ಲ. ಮೂರರಲ್ಲಿ ಒಂದು ಚಿತ್ರ 720 ಪಿಕ್ಸೆಲ್‌ಗಿಂತ ಕಡಿಮೆ ಗುಣಮಟ್ಟದ್ದಾದರೆ ಪರೀಕ್ಷೆಯಲ್ಲಿರುವ ಎಲ್ಲವನ್ನೂ ಅದು ಕುಗ್ಗಿಸಿಬಿಡುತ್ತದೆ, ಅದೊಂದು ಗಮನದಲ್ಲಿರಲಿ.

ಇಲ್ಲಿ ಗೆಲುವನ್ನು ತೀರ್ಮಾನಿಸುವುದು ಎಷ್ಟು ಜನ ಒತ್ತಿದರು ಎಂಬುದಲ್ಲ, ಆ ಚಿತ್ರ ನೋಡಿ ಒಳಬಂದವರು ಒಟ್ಟು ಎಷ್ಟು ಹೊತ್ತು ನೋಡಿದರು ಎಂಬುದು. ‘ತೋಟ ನಾಶ!’ ಎಂದು ಕೆಂಪಕ್ಷರದಲ್ಲಿ ಕೂಗಿದರೆ ಒತ್ತುವವರು ಹೆಚ್ಚಬಹುದು. ಒಳಗೆ ಅಂಥದ್ದೇನೂ ಇಲ್ಲವೆಂದು ಗೊತ್ತಾದೊಡನೆ ಎದ್ದುಹೋದರೆ ಆ ಚಿತ್ರ ಪರೀಕ್ಷೆಯಲ್ಲಿ ಸೋಲುತ್ತದೆ. ಈ ಅಳತೆ ಒಳ್ಳೆಯದೇ ಎಂದು ನನ್ನ ಅನಿಸಿಕೆ. 2024ರ ಡಿಸೆಂಬರ್‌ನಲ್ಲಿ ಯೂಟ್ಯೂಬ್ ಭಾರತದ ಮಟ್ಟಿಗೆ, ಅದರಲ್ಲೂ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನದ ವಿಡಿಯೊಗಳಲ್ಲಿ, ಒಳಗಿಲ್ಲದ್ದನ್ನು ಹೊರಗೆ ತೋರಿಸುವ ಥಂಬ್‌ನೇಲ್‌ಗಳ ಮೇಲೆ ಕ್ರಮ ಬಿಗಿಮಾಡುವುದಾಗಿಯೂ ಹೇಳಿತ್ತು.

ಆದರೆ ಚಿಕ್ಕ ಚಾನೆಲ್‌ಗಳಿಗೆ ಈ ಪರೀಕ್ಷೆ ಬಹಳ ಸಲ ‘ಸ್ಪಷ್ಟ ವ್ಯತ್ಯಾಸವಿಲ್ಲ’ ಎಂದೇ ಮುಗಿಯುತ್ತದೆ. ಏಕೆಂದು ಸರಳ ಲೆಕ್ಕದಲ್ಲಿ ನೋಡಬಹುದು. ವಿಡಿಯೊ ಒಟ್ಟು 6,000 ಸಲ ಜನರ ಪರದೆಯಲ್ಲಿ ಕಾಣಿಸಿತು ಎನ್ನಿ, ಪ್ರತಿ ಚಿತ್ರದ ಪಾಲಿಗೆ 2,000. ಒಂದನ್ನು ನೂರಕ್ಕೆ 4 ಜನ ಒತ್ತಿದರೆ 80, ಇನ್ನೊಂದನ್ನು 5 ಜನ ಒತ್ತಿದರೆ 100. ನೋಡಲು ದೊಡ್ಡ ಅಂತರ. ಆದರೆ ಅದೇ ಚಿತ್ರವನ್ನೇ ಮತ್ತೆ ಮತ್ತೆ ಹಾಕಿದರೂ 80 ಎಂಬುದು ಬರೀ ಆಕಸ್ಮಿಕದಿಂದ 70 ಆಗಬಹುದು, 90 ಆಗಬಹುದು. ಹಾಗಾಗಿ 20ರ ಅಂತರವನ್ನು ನಂಬಲಾಗದು. ಅದೇ ವಿಡಿಯೊ 60,000 ಸಲ ಕಾಣಿಸಿ, 800 ಮತ್ತು 1,000 ಬಂದಿದ್ದರೆ ಆಗ ನಂಬಬಹುದು.

ಇನ್ನೊಂದು ಮೋಸಹೋಗುವ ಜಾಗವಿದೆ. ವಿಡಿಯೊ ಹಾಕಿದ ಮೊದಲ ದಿನಗಳಲ್ಲಿ ಅದು ಹೆಚ್ಚಾಗಿ ಕಾಣುವುದು ಚಾನೆಲನ್ನು ಬಲ್ಲವರಿಗೆ. ಅವರು ಚಿತ್ರ ಹೇಗಿದ್ದರೂ ಒತ್ತುತ್ತಾರೆ. ಆಮೇಲೆ ಅಪರಿಚಿತರಿಗೆ ತೋರಿಸಲು ತೊಡಗಿದಾಗ ಒತ್ತುವವರ ಪ್ರಮಾಣ ತಾನಾಗಿ ಇಳಿಯುತ್ತದೆ. ಇಳಿದದ್ದು ಕಂಡು ಗಾಬರಿಯಾಗಿ ಚಿತ್ರ ಬದಲಿಸಿದರೆ, ಮೊದಲನೆಯದು ಒಳ್ಳೆಯದಿತ್ತು, ಎರಡನೆಯದು ಕೆಟ್ಟದ್ದು ಎಂಬ ತಪ್ಪು ತೀರ್ಮಾನ ಹುಟ್ಟುತ್ತದೆ. ವಾರದ ಹಿಂದಿನ ಚಿತ್ರಕ್ಕೂ ಇವತ್ತಿನ ಚಿತ್ರಕ್ಕೂ ಹೋಲಿಕೆಯಿಲ್ಲ. ಒಂದೇ ಹೊತ್ತಿನಲ್ಲಿ ಓಡಿದವನ್ನು ಮಾತ್ರ ಹೋಲಿಸಬೇಕು.

ತಿಂಗಳ ಪ್ಯಾಕೇಜ್ ಉಪಯೋಗಕ್ಕೆ ಬರುವುದು ಇಲ್ಲೇ. ಒಂದು ವಿಡಿಯೊದ ಪರೀಕ್ಷೆ ಉತ್ತರ ಹೇಳದಿದ್ದರೂ, ಅದೇ ಪ್ರಶ್ನೆಯನ್ನು ತಿಂಗಳಲ್ಲಿ ನಾಲ್ಕು ವಿಡಿಯೊಗಳ ಮೇಲೆ ಕೇಳಿದರೆ ಒಲವು ಯಾವ ಕಡೆಗಿದೆ ಎಂದು ಕಾಣತೊಡಗುತ್ತದೆ. ನಮ್ಮ ಬೆಳೆಗಾರರ ಮೊದಲ ತಿಂಗಳ ಪ್ರಶ್ನೆ ಒಂದೇ: ಮುಖ ದೊಡ್ಡದಾಗಿರಬೇಕೋ, ಬೆಳೆಯೋ? ನಾಲ್ಕು ವಿಡಿಯೊಗಳಿಗೂ ಮೂರು ಚಿತ್ರ. ಒಂದರಲ್ಲಿ ಮುಖ, ಒಂದರಲ್ಲಿ ಎಲೆ ಅಥವಾ ಕಾಯಿ ಹತ್ತಿರದಿಂದ, ಒಂದರಲ್ಲಿ ದೂರದ ನೋಟ. ಬರಹ, ಬಣ್ಣ, ಫಾಂಟ್ ಮೂರರಲ್ಲೂ ಒಂದೇ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗೆದ್ದದ್ದು ಯಾವುದರಿಂದ ಎಂದು ಹೇಳಲಾಗುವುದಿಲ್ಲ. ನಾಲ್ಕರಲ್ಲಿ ಮೂರು ಸಲ ಎಲೆಯ ಚಿತ್ರವೇ ಮುಂದಿದ್ದರೆ ಎರಡನೇ ತಿಂಗಳು ಎಲೆಯನ್ನು ಖಾಯಂ ಮಾಡಿ, ಬರಹದ ಪ್ರಶ್ನೆ ಎತ್ತಿಕೊಳ್ಳಬಹುದು: ‘ತಡೆ ಹೇಗೆ?’ ಎಂಬ ಪ್ರಶ್ನೆಯೋ, ‘ಎಲೆಚುಕ್ಕಿ’ ಎಂಬ ಹೆಸರೋ, ಬರಹವೇ ಇಲ್ಲದ ಚಿತ್ರವೋ?

ದರ ಹೇಗೆ ಕಟ್ಟುವುದು? ಗಂಟೆಯಿಂದ ಶುರುಮಾಡುವುದು ಒಳ್ಳೆಯದು. ವಿಷಯ ಕೇಳಿ ತಿಳಿಯಲು ಅರ್ಧ ಗಂಟೆ, ಮೊದಲ ಚಿತ್ರಕ್ಕೆ ಒಂದೂಕಾಲು ಗಂಟೆ, ತಿದ್ದುಪಡಿಗೆ ಅರ್ಧ ಗಂಟೆ. ಹೀಗೆ ಒಂದೇ ಚಿತ್ರದ ವಿಡಿಯೊಗೆ ಎರಡೂಕಾಲು ಗಂಟೆ. ಪರೀಕ್ಷೆಯ ವಿಡಿಯೊಗೆ ಇನ್ನೆರಡು ಚಿತ್ರ ಸೇರಿದರೆ ಮೂರೂಕಾಲು. ತಿಂಗಳ ಎಂಟು ವಿಡಿಯೊಗಳಲ್ಲಿ ನಾಲ್ಕು ಒಂಟಿ, ನಾಲ್ಕು ಪರೀಕ್ಷೆಯವು ಎಂದರೆ 22 ಗಂಟೆ, ತಿಂಗಳ ಕೊನೆಗೆ ಫಲಿತಾಂಶ ಓದಿ ಬರೆದುಕೊಡಲು 2 ಗಂಟೆ. ಗಂಟೆಗೆ 350 ರೂಪಾಯಿ ಬೇಕೆನ್ನುವವರಿಗೆ ಇದು 8,400 ರೂಪಾಯಿ. ಮೊದಲ ತಿಂಗಳು ಬಣ್ಣ, ಫಾಂಟ್, ಅಳತೆ ಗೊತ್ತುಮಾಡುವ ನಾಲ್ಕು ಗಂಟೆಗೆ ಬೇರೆಯಾಗಿ 1,400. ಗಂಟೆಯ ದರ ಅವರವರ ಊರು, ಕೈಚಳಕದ ಮೇಲೆ ಬೇರೆಯಾಗುತ್ತದೆ, ಲೆಕ್ಕದ ಕ್ರಮ ಬೇರೆಯಾಗುವುದಿಲ್ಲ. ಫಲಿತಾಂಶ ಓದುವ ಆ ಎರಡು ಗಂಟೆಯನ್ನು ಲೆಕ್ಕದಿಂದ ಬಿಟ್ಟವರು ಆಮೇಲೆ ಅದನ್ನು ಮಾಡುವುದನ್ನೇ ಬಿಡುತ್ತಾರೆ, ಆಗ ಪ್ಯಾಕೇಜ್ ಎಂಬುದು ಬರೀ ಸಗಟು ದರವಾಗಿ ಉಳಿಯುತ್ತದೆ.

ಜಗಳ ಹುಟ್ಟುವುದು ಹೆಚ್ಚಾಗಿ ಬರೆದಿಡದ ಮಾತುಗಳಿಂದ. ಒಂದು ಚಿತ್ರಕ್ಕೆ ಎರಡು ಸುತ್ತಿನ ತಿದ್ದುಪಡಿ, ಮೂರನೆಯದಕ್ಕೆ ಬೇರೆ ಹಣ. ಫೋಟೊ ಕೈಸೇರಿದ ಎರಡು ದಿನದಲ್ಲಿ ಕೆಲಸ. ಬೆಳೆಗಾರರು ಕೊಯ್ಲಿನ ಗಡಿಬಿಡಿಯಲ್ಲಿ ಐದೇ ವಿಡಿಯೊ ಮಾಡಿದರೆ ಉಳಿದ ಮೂರರಲ್ಲಿ ಎಷ್ಟು ಮುಂದಿನ ತಿಂಗಳಿಗೆ ಹೋಗುತ್ತವೆ? ಎರಡಕ್ಕೆ ಒಪ್ಪುವುದು ಇಬ್ಬರಿಗೂ ನ್ಯಾಯ. ಹಬ್ಬದ ವಾಟ್ಸಾಪ್ ಶುಭಾಶಯ, ಚಾನೆಲ್‌ನ ಬ್ಯಾನರ್ ಪ್ಯಾಕೇಜಿನಲ್ಲಿ ಸೇರಿದೆಯೋ ಇಲ್ಲವೋ ಎಂದೂ ಹೇಳಿಬಿಡಬೇಕು. ಅರ್ಧ ಹಣ ತಿಂಗಳ ಮೊದಲಿಗೆ, ಅರ್ಧ ತಿಂಗಳ ಕೊನೆಗೆ.

ಪರೀಕ್ಷೆ ಹಾಕಲು ಸ್ಟುಡಿಯೊದೊಳಗೆ ಹೋಗಬೇಕಲ್ಲ, ಅದಕ್ಕಾಗಿ ಪಾಸ್‌ವರ್ಡ್ ಕೇಳಬಾರದು, ಕೊಡಲೂಬಾರದು. ಸೆಟ್ಟಿಂಗ್‌ನ Permissions ಎಂಬಲ್ಲಿ ಆದಾಯದ ಅಂಕಿಗಳು ಕಾಣದಂಥ ಸೀಮಿತ ಎಡಿಟರ್ ಅನುಮತಿಯಿದೆ. ಬೆಳೆಗಾರರು ಅದನ್ನು ಕೊಟ್ಟರೆ ಸಾಕು, ಒಪ್ಪಂದ ಮುಗಿದ ದಿನ ತೆಗೆದುಹಾಕಲೂ ಸುಲಭ.

ವ್ಯೂಸ್ ಹೆಚ್ಚಿಸಿಯೇ ಕೊಡುತ್ತೇನೆ ಎಂಬ ಭರವಸೆಯನ್ನು ಯಾವ ಪ್ಯಾಕೇಜಿನಲ್ಲೂ ಬರೆಯಬಾರದು. ನೂರಕ್ಕೆ ಇಬ್ಬರು ಒತ್ತುವ ಚಾನೆಲ್‌ಗಳೂ ಇವೆ, ಹತ್ತು ಜನ ಒತ್ತುವವೂ ಇವೆ. ಅರ್ಧದಷ್ಟು ಚಾನೆಲ್‌ಗಳು ಈ ಎರಡರ ನಡುವೆಯೇ ಬರುತ್ತವೆ ಎಂದು ಯೂಟ್ಯೂಬೇ ಹೇಳುತ್ತದೆ. ವಿಡಿಯೊ ತೆರೆದವರು ಮೊದಲ ಅರ್ಧ ನಿಮಿಷದಲ್ಲೇ ಎದ್ದುಹೋಗುತ್ತಿದ್ದರೆ ದೋಷ ಚಿತ್ರದಲ್ಲಿರಲಾರದು, ವಿಡಿಯೊದ ಆರಂಭದಲ್ಲಿರಬೇಕು ಅಥವಾ ಚಿತ್ರ ಹೇಳಿದ್ದೊಂದು ವಿಡಿಯೊ ಹೇಳಿದ್ದೊಂದು ಆಗಿರಬೇಕು. ಮೂರು ತಿಂಗಳಾದರೂ ಒಂದು ವಿಡಿಯೊ ಸಾವಿರ ಸಲವೂ ಜನರ ಪರದೆಗೆ ಬರುತ್ತಿಲ್ಲವಾದರೆ ಪರೀಕ್ಷೆಯ ಪ್ಯಾಕೇಜ್ ನಿಲ್ಲಿಸಿ, ವಿಡಿಯೊಗೆ ಒಂದೇ ಚಿತ್ರದ ಅಗ್ಗದ ಲೆಕ್ಕಕ್ಕೆ ಇಳಿಸಿ ಎಂದು ಬೆಳೆಗಾರರಿಗೆ ಡಿಸೈನರೇ ಹೇಳಬೇಕು. ಉಳಿದ ಹಣದಲ್ಲಿ ಅವರು ಕಾಲರಿಗೆ ಸಿಕ್ಕಿಸುವ ಒಂದು ಒಳ್ಳೆಯ ಮೈಕ್ ಕೊಂಡರೆ, ತೋಟದ ಗಾಳಿಯ ಸದ್ದಿನಲ್ಲೂ ಅವರ ಮಾತು ನೋಡುವವರಿಗೆ ಕೇಳಿಸುತ್ತದೆ.