ಮೂರು ಅಂಕಗಳ ಮೇಜಿನಾಟ: ಪ್ರತಿನಾಯಕನೂ ಆಟಗಾರರ ಆಯ್ಕೆಯೂ

ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಮಾತಿನಲ್ಲಿಯೇ ಕಥೆಯನ್ನು ನಡೆಸುವ ಆಟವೊಂದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು ರಚಿಸಿದ ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಸೂತ್ರಧಾರನು ಸನ್ನಿವೇಶವನ್ನು ವರ್ಣಿಸುತ್ತಾನೆ. ತಮ್ಮ ಪಾತ್ರ ಏನು ಮಾಡುವುದೆಂಬುದನ್ನು ಆಟಗಾರರು ಹೇಳುತ್ತಾರೆ. ಫಲವು ಸಂದಿಗ್ಧವಾದಾಗ ದಾಳ ನಿರ್ಣಯಿಸುತ್ತದೆ. ನಾಟಕಕಾರನಾದರೋ ನಾಯಕನ ಮಾತನ್ನೂ ಬರೆದಿಡಬಲ್ಲ. ಸೂತ್ರಧಾರನಿಗೆ ಆ ಅಧಿಕಾರವಿಲ್ಲ. ಹೀಗಿರುವಾಗ ಮೂರು ಅಂಕಗಳ ಕಥೆಯನ್ನು ಮುಂಚಿತವಾಗಿ ಹೆಣೆಯುವುದು ಹೇಗೆ?

ಹೊಸಬರಿಗಾಗಿ 2014ರಲ್ಲಿ ಹೊರಬಂದ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’ ಎಂಬ ಸಿದ್ಧ ಕಥೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗುಂಡ್ರೆನ್ ಎಂಬ ಕುಬ್ಜಜಾತಿಯವನ ಸರಕಿನ ಬಂಡಿಯನ್ನು ಫ್ಯಾಂಡಲಿನ್ ಊರಿಗೆ ತಲುಪಿಸಲು ಆಟಗಾರರು ಹೊರಡುತ್ತಾರೆ. ಮುಂದೆ ಹೋದ ಗುಂಡ್ರೆನ್ ಸೆರೆಯಾಗಿದ್ದಾನೆ. ಇದರ ಹಿಂದಿರುವವನು ಕರಿಜೇಡನೆಂಬ ಬಿರುದಿನ ನೆಜ್ನಾರ್; ಹಳೆಯ ಗಣಿಯೊಳಗಿನ ಮಾಂತ್ರಿಕ ಕುಲುಮೆಯೇ ಅವನ ಗುರಿ. ಕಥೆ ಸೊಗಸಾಗಿದೆ, ಕೊರತೆ ಒಂದೇ. ಕರಿಜೇಡನ ಹೆಸರು ಪತ್ರಗಳಲ್ಲಿಯೂ ಅನುಚರರ ಬಾಯಲ್ಲಿಯೂ ಕೇಳಿಬರುತ್ತದೆಯೇ ಹೊರತು ಅವನು ಎದುರಾಗುವುದು ಕಟ್ಟಕಡೆಗೆ. ಮೊದಲ ಭೇಟಿಯೇ ಕೊನೆಯ ಭೇಟಿಯಾದರೆ ಅವನ ಮೇಲೆ ರೋಷ ಹುಟ್ಟುವುದೆಂತು?

ಇದನ್ನು ಮೂರು ಅಂಕಗಳಾಗಿ, ಅಂಕಕ್ಕೆ ಮೂರು ಬೈಠಕ್ಕುಗಳಂತೆ ತಿದ್ದೋಣ. ಪ್ರತಿ ಅಂಕದಲ್ಲಿಯೂ ಪ್ರತಿನಾಯಕನು ಒಮ್ಮೆ ಕಾಣಿಸಿಕೊಳ್ಳಲಿ, ಆದರೆ ಪ್ರತಿ ಸಲವೂ ಬೇರೆ ಉದ್ದೇಶದಿಂದ. ಮೊದಲ ಅಂಕದಲ್ಲಿ ಅವನು ಫ್ಯಾಂಡಲಿನ್‌ನ ಛತ್ರದಲ್ಲಿ ವರ್ತಕನ ವೇಷದಲ್ಲಿದ್ದು, ಗುಂಡ್ರೆನ್ನನ ವಿಷಯ ತಿಳಿಸಿದರೆ ಹೊನ್ನು ಕೊಡುವೆನೆನ್ನಲಿ. ಎರಡನೆಯದರಲ್ಲಿ ಗುಂಡ್ರೆನ್ನನನ್ನು ಒಯ್ಯಲು ಬಂದವನಾಗಲಿ. ಕಾದಾಟ ಅವನಿಗೆ ಬೇಡ. ಮೂರನೆಯದರಲ್ಲಿ ಕುಲುಮೆಯ ಮುಂದೆ ನಿಲ್ಲಲಿ. ಅಲ್ಲಿಂದ ಹಿಂದೆ ಸರಿಯಲು ಅವನಿಗೆ ಮನಸ್ಸಿಲ್ಲ.

ಎರಡನೆಯ ಅಂಕದಲ್ಲಿಯೇ ಸೂತ್ರಧಾರನು ಎಡವುವುದು ಹೆಚ್ಚು. ಕೊನೆಯ ಅಂಕಕ್ಕೆ ಬೇಕೆಂದು ಖಳನನ್ನು ಬಲವಂತವಾಗಿ ಬದುಕಿಸಿದರೆ ಆಟಗಾರರಿಗೆ ಮೋಸ ತಿಳಿದುಬಿಡುತ್ತದೆ. ಅವನು ತಪ್ಪಿಸಿಕೊಳ್ಳುವ ಉಪಾಯ ನಿಯಮದೊಳಗೇ ಇರಬೇಕು: ಅದೃಶ್ಯನಾಗುವ ಮಂತ್ರವೊಂದು, ಬಾಗಿಲ ಬಳಿ ಕಾವಲಿಗೆ ಇಬ್ಬರು, ತನ್ನ ಶಕ್ತಿ ಅರ್ಧಕ್ಕಿಳಿದೊಡನೆ ಓಡುವನೆಂಬ ಮುಂಚಿನ ನಿರ್ಧಾರ. ಇಷ್ಟಾದರೂ ಆಟಗಾರರು ಅವನನ್ನು ಕೊಂದರೆ ಅವನು ಸತ್ತನೆಂದೇ ಒಪ್ಪಬೇಕು. ಈ ಕಥೆಯಲ್ಲಿ ರೂಪಾಂತರಿಗಳು ಅವನ ಸೇವಕರಾಗಿದ್ದಾರೆ; ಅವರಲ್ಲೊಬ್ಬನು ಯಜಮಾನನ ಮುಖವನ್ನೇ ಧರಿಸಿ ಕಾರ್ಯವನ್ನು ಮುಂದುವರಿಸಲಿ. ಆಟಗಾರರ ಗೆಲುವೂ ಉಳಿಯಿತು, ಮೂರನೆಯ ಅಂಕವೂ ಉಳಿಯಿತು.

ಇನ್ನು ಆಯ್ಕೆಯ ವಿಚಾರ. ಎರಡು ಬಾಗಿಲುಗಳನ್ನು ತೋರಿಸಿ ಯಾವುದಾದರೂ ಒಂದನ್ನು ತೆರೆಯಿರಿ ಎನ್ನುವುದು ಆಯ್ಕೆಯಲ್ಲ, ಊಹೆ. ಇದೇ ಕಥೆಯ ಮೊದಲ ಗವಿಯಲ್ಲಿ ಒಳ್ಳೆಯ ಮಾದರಿ ಇದೆ. ಯೀಮಿಕ್ ಎಂಬ ಗಾಬ್ಲಿನ್ ಸಿಲ್ಡಾರ್ ಎಂಬ ಸೆರೆಯಾಳನ್ನು ಅಂಚಿಗೆ ಎಳೆದು ತಂದು, ತನ್ನ ನಾಯಕ ಕ್ಲಾರ್ಗನನ್ನು ಕೊಂದರೆ ಇವನನ್ನು ಬಿಡುವೆನೆನ್ನುತ್ತಾನೆ. ಒಪ್ಪಿದರೆ ವಂಚಕನ ಮಾತನ್ನು ನಂಬಬೇಕು. ನುಗ್ಗಿದರೆ ಸಿಲ್ಡಾರನ ಪ್ರಾಣಕ್ಕೆ ಅಪಾಯ. ಎರಡರ ಬೆಲೆಯೂ ಮೊದಲೇ ಗೊತ್ತಿದೆ, ಫಲ ಕಣ್ಣೆದುರೇ ಕಾಣುತ್ತದೆ.

ಎರಡನೆಯ ಅಂಕದ ಕೊನೆಗೆ ನಾವೂ ಇಂಥದೊಂದನ್ನು ಇಡೋಣ. ಕರಿಜೇಡನ ಕಡೆಯವರು ಇಂದು ರಾತ್ರಿ ಊರಿಗೆ ಬೆಂಕಿಯಿಡುವರು. ಗುಂಡ್ರೆನ್ನನನ್ನೂ ಇಂದು ರಾತ್ರಿಯೇ ಗಣಿಗೆ ಸಾಗಿಸುವರು. ಎರಡೂ ಸುದ್ದಿಗಳು ಆಟಗಾರರಿಗೆ ಸ್ಪಷ್ಟವಾಗಿ ತಲುಪಲಿ. ಊರನ್ನು ಉಳಿಸಿದರೆ ಮೂರನೆಯ ಅಂಕದಲ್ಲಿ ಆರು ಜನ ಊರವರು ಜೊತೆಗೆ ಬರುತ್ತಾರೆ, ಆದರೆ ಗುಂಡ್ರೆನ್ ಬಾಯಿಬಿಟ್ಟಿರುವುದರಿಂದ ಕರಿಜೇಡನು ಆಗಲೇ ಕುಲುಮೆಯನ್ನು ವಶಪಡಿಸಿಕೊಂಡಿದ್ದಾನೆ. ಗುಂಡ್ರೆನ್ನನನ್ನು ಬಿಡಿಸಿದರೆ ಅವನು ಗಣಿಯ ಗುಪ್ತದಾರಿ ತೋರಿಸುತ್ತಾನೆ, ಆದರೆ ಹಿಂದಿರುಗಲು ಊರಿಲ್ಲ. ಗಣಿ ಒಂದೇ, ಪ್ರತಿನಾಯಕನೂ ಒಬ್ಬನೇ. ಬದಲಾಗುವುದು ಪ್ರವೇಶ, ಸಹಾಯ ಮತ್ತು ಶತ್ರುವಿನ ಬಲ. ಆದುದರಿಂದ ಸೂತ್ರಧಾರನು ಎರಡು ಕಥೆಗಳನ್ನು ಬರೆಯಬೇಕಾಗಿಲ್ಲ; ಒಂದೇ ಕೊನೆಯಂಕಕ್ಕೆ ಅರ್ಧ ಪುಟದ ಎರಡು ಟಿಪ್ಪಣಿಗಳು ಸಾಕು.

ವಿನ್ಯಾಸ ಕೆಟ್ಟಿದೆಯೆಂದು ತಿಳಿಯಲು ಒಂದು ಗುರುತುಂಟು. ಆಟಗಾರರು ‘ಈಗ ನಾವು ಏನು ಮಾಡಬೇಕು?’ ಎಂದು ಸೂತ್ರಧಾರನ ಮುಖ ನೋಡಿದರೆ, ಹಾದಿಗಳ ಬೆಲೆ ಅವರಿಗೆ ತಿಳಿದಿಲ್ಲವೆಂದೇ ಅರ್ಥ. ಆಗ ಉತ್ತರ ಹೇಳಿಕೊಡದೆ, ಪ್ರತಿ ಹಾದಿಯಲ್ಲಿ ಏನು ದಕ್ಕುವುದು, ಏನು ಕಳೆಯುವುದು ಎಂಬುದನ್ನು ಒಂದೊಂದು ವಾಕ್ಯದಲ್ಲಿ ಮತ್ತೆ ಹೇಳಬೇಕು. ಅವರು ಸೂತ್ರಧಾರನನ್ನು ಮರೆತು ತಮ್ಮ ತಮ್ಮಲ್ಲೇ ವಾದಕ್ಕಿಳಿದರೆ ಆಯ್ಕೆ ನಿಜವಾದದ್ದು. ಆಗ ಸೂತ್ರಧಾರನು ಸುಮ್ಮನೆ ಕೇಳುತ್ತ ಕುಳಿತರಾಯಿತು.