ಮಾತಿಲ್ಲದ ಕಾಫಿ ಜಾಹೀರಾತು: ಹನಿ ಬೀಳೋಕೆ ಎಷ್ಟು ಹೊತ್ತು?

ಪಾಲಿಬೆಟ್ಟ: ಕಾಫಿಯನ್ನು ಮೂಟೆ ಲೆಕ್ಕದಲ್ಲಿ ತೂಗಿಕೊಟ್ಟರೆ ಸಿಗೋದು ವ್ಯಾಪಾರಿ ಹೇಳಿದ ರೇಟು. ಅದನ್ನೇ ಹುರಿದು, ಪುಡಿ ಮಾಡಿ, ಹೆಸರಿಟ್ಟು ಮಾರಿದರೆ ರೇಟು ನಮ್ಮದು. ಈ ಆಸೆಗೆ ಬಿದ್ದ ಸಣ್ಣ ಬೆಳೆಗಾರನಿಗೆ ಜಾಹೀರಾತು ಬೇಕಾಗುತ್ತೆ. ಯಾವ ಭಾಷೆಯಲ್ಲಿ? ನಮ್ಮ ಪೇಟೆಯಲ್ಲೇ ಕೊಡವ ತಕ್ಕ್, ಕನ್ನಡ, ಮಲೆಯಾಳ, ತಮಿಳು ಎಲ್ಲವೂ ಕಿವಿಗೆ ಬೀಳುತ್ತವೆ. ಹಾಗಾದರೆ ಮಾತನ್ನೇ ಬಿಟ್ಟರೆ?

ಬಿಡಬಹುದು. 2009ರ ಐಪಿಎಲ್ ಹೊತ್ತಿಗೆ ವೊಡಾಫೋನ್‌ಗಾಗಿ ಬೆಂಗಳೂರಿನ ನಿರ್ವಾಣ ಫಿಲ್ಮ್ಸ್ ತೆಗೆದ ಜೂಜೂ ಚಿತ್ರಗಳು ನೆನಪಿವೆಯಲ್ಲ? ಆ ಬಿಳಿ ಬೊಂಬೆಗಳಿಗೆ ಅರ್ಥವಾಗುವ ಮಾತೇ ಇರಲಿಲ್ಲ. ಒಳಗೆ ಇದ್ದವರು ಮನುಷ್ಯರೇ. ಸೆಕೆಂಡಿಗೆ 20 ಚಿತ್ರದಂತೆ ಕಡಿಮೆ ತೆಗೆದು ತೋರಿಸಿದ್ದರಿಂದ ನಡಿಗೆ ಚುರುಕಾಗಿ, ಗೊಂಬೆಯ ಹಾಗೆ ಕಂಡಿತು. ನಿಧಾನ ಚಲನೆ ಇದರ ತಿರುಗುಮುರುಗು: ಹೆಚ್ಚು ಚಿತ್ರ ತೆಗೆದು ನಿಧಾನವಾಗಿ ತೋರಿಸೋದು.

ಲೆಕ್ಕ ನೋಡಿ. ಫಿಲ್ಟರಿನಿಂದ ಡಿಕಾಕ್ಷನ್ ಹನಿ 5 ಸೆಂಟಿಮೀಟರ್ ಬೀಳಲು ಬೇಕಾದ್ದು ಸೆಕೆಂಡಿನ ಹತ್ತನೇ ಒಂದು ಭಾಗ. ಟಿವಿಯಲ್ಲಿ ಓಡೋದು ಸೆಕೆಂಡಿಗೆ 25 ಚಿತ್ರ. ಆ ಹನಿಗೆ ಸಿಗೋದು ಎರಡೋ ಮೂರೋ. ಕಣ್ಣಿಗೆ ಬೀಳುವಷ್ಟರಲ್ಲಿ ಮಾಯ! ಸೆಕೆಂಡಿಗೆ 250ರಂತೆ ತೆಗೆದು 25ರಂತೆ ತೋರಿಸಿದರೆ ಅದೇ ಬೀಳು ಒಂದು ಪೂರ್ತಿ ಸೆಕೆಂಡು ಕಾಣುತ್ತೆ.

ಇನ್ನು ಸ್ಕ್ರಿಪ್ಟು. ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಅರ್ಧ ನಿಮಿಷಕ್ಕೆ ಹೀಗೆ ಬರೆಯಬಹುದು. ಕಣದಲ್ಲಿ ಒಣಕಾಫಿ ಎಳೆಯುವ ಕೈ, ಮೂರು ಸೆಕೆಂಡಿನ ಕೆಲಸ, ಎರಡು ಪಟ್ಟು ನಿಧಾನ: ಆರು ಸೆಕೆಂಡು. ಹುರಿದ ಬೀಜ ಮೊರದಿಂದ ಸುರಿಯುವುದು ಒಂದು ಸೆಕೆಂಡು, ಐದು ಪಟ್ಟು ನಿಧಾನ: ಐದು. ಹನಿ ಜಿನುಗಿ, ತೂಗಿ, ಬಿದ್ದು ಚಿಮ್ಮೋದು ಅರ್ಧ ಸೆಕೆಂಡು, ಹತ್ತು ಪಟ್ಟು: ಐದು. ಅಜ್ಜನೊಬ್ಬ ಲೋಟ ಎತ್ತಿ ಕುಡಿಯೋದು ಮಾಮೂಲಿ ವೇಗದಲ್ಲಿ ಒಂಬತ್ತು. ಕೊನೆಗೆ ಪೊಟ್ಟಣ ಐದು. ಒಟ್ಟು 30. ಲೋಟದಿಂದ ಲೋಟಕ್ಕೆ ಎತ್ತರದಿಂದ ಸುರಿಯೋದೂ ಬೇಕು ಅಂತೀರಾ? ಒಂದು ಸೆಕೆಂಡಿನ ಸುರಿತ ಹತ್ತು ಪಟ್ಟಾದರೆ ಚಿತ್ರದ ಮೂರನೇ ಒಂದು ಭಾಗವನ್ನು ಅದೇ ನುಂಗುತ್ತೆ.

ಬಲಗಡೆಯ ಸಾಲೇ ಕಷ್ಟದ್ದು. ಚಿತ್ರದ ಜೊತೆ ಹಿಡಿದ ಸದ್ದನ್ನೂ ಹತ್ತು ಪಟ್ಟು ಎಳೆದರೆ ಹನಿಯ ‘ಟಪ್’ ನರಳಾಟವಾಗಿ ಕೇಳುತ್ತೆ. ಹಾಗಾಗಿ ಸದ್ದನ್ನು ಬೇರೆಯಾಗಿ, ಮೌನವಾದ ಕೋಣೆಯಲ್ಲಿ, ಮೈಕನ್ನು ಲೋಟದ ಬಳಿ ಇಟ್ಟು ಹಿಡಿಯಬೇಕು. ಕಣದಲ್ಲಿ ಗೋರೆಯ ಸರಸರ, ಹಿಂದೆ ಜೀರುಂಡೆ. ಬೀಜ ಸುರಿವಾಗ ಗಲಗಲ. ಹನಿ ತೂಗುವಾಗ ಜೀರುಂಡೆಯೂ ನಿಲ್ಲಬೇಕು, ಪೂರಾ ಮೌನ. ಆಮೇಲೆ ಒಂದೇ ‘ಟಪ್’. ಆ ಮೌನವನ್ನೂ ಬಲಗಡೆ ಬರೆದಿಡಬೇಕು. ಖಾಲಿ ಬಿಟ್ಟರೆ ಅಲ್ಲಿಗೆ ಯಾರಾದರೂ ಪಿಟೀಲು ತುಂಬುತ್ತಾರೆ! ಸದ್ದು ಹನಿ ತಾಗಿದ ಚಿತ್ರಕ್ಕೇ ಕೂರಬೇಕು. ನಾಲ್ಕೈದು ಚಿತ್ರ ಆಚೀಚೆಯಾದರೂ ಕಣ್ಣಿಗೂ ಕಿವಿಗೂ ಜಗಳ.

ಎಡವೋದು ಎಲ್ಲಿ? ಮೊದಲನೆಯದು ಬೆಳಕು. ಹತ್ತು ಪಟ್ಟು ಚಿತ್ರ ತೆಗೆದರೆ ಒಂದೊಂದಕ್ಕೆ ಸಿಗೋ ಬೆಳಕು ಹತ್ತರಲ್ಲೊಂದು. ನೆರಳು ಮರದ ಕೆಳಗೆ ಆಟ ನಡೆಯಲ್ಲ. ಅಡುಗೆಮನೆಯ ಹಳೇ ಟ್ಯೂಬ್‌ಲೈಟು ನಂಬಿದರೆ ಇನ್ನೂ ಕಷ್ಟ: ಅದು ಸೆಕೆಂಡಿಗೆ 100 ಸಲ ಮಿನುಗುತ್ತೆ, ನಮಗೆ ಕಾಣದ ಆ ಮಿನುಗು ಚಿತ್ರದಲ್ಲಿ ಹೊಡೆದು ಕಾಣುತ್ತೆ. ಬಿಸಿಲೇ ಲೇಸು. ಎರಡನೆಯದು ಫಿಲ್ಟರು. ಮೇಲಿನ ಪಾತ್ರೆ ಕೆಳಗಿನದರೊಳಗೆ ಕೂತರೆ ಹನಿ ಕಾಣೋದೆಲ್ಲಿಂದ? ಮೇಲಿನದನ್ನು ಗಾಜಿನ ಲೋಟದ ಮೇಲೆ ಎತ್ತಿ ಹಿಡಿಯಬೇಕು. ಮೂರನೆಯದು ಹೂವಿನ ಆಸೆ. ಕಾಫಿ ಹೂ ಅರಳೋದನ್ನು ನಿಧಾನ ಚಲನೆಯಲ್ಲಿ ತೋರಿಸೋಕಾಗಲ್ಲ. ಅದು ಮೊದಲೇ ನಿಧಾನ, ಓಡಿಸಿ ತೋರಿಸಬೇಕಾದ್ದು. ಹೂಮಳೆಯ ಹನಿ ಮೊಗ್ಗಿಗೆ ಬಡಿಯೋದನ್ನು ಮಾತ್ರ ಬರೆಯಿರಿ.

ಕ್ಯಾಮೆರಾ ಬಾಡಿಗೆ ದಿನಲೆಕ್ಕ. ಈ ತಪ್ಪುಗಳು ತೋಟದಲ್ಲಿ ಗೊತ್ತಾದರೆ ಕಾಫಿ ಮಾರಿದ ದುಡ್ಡು ಅಲ್ಲೇ ಕರಗುತ್ತೆ. ಹಾಳೆಯಲ್ಲಿ ಗೊತ್ತಾದರೆ ಹೋಗೋದು ಒಂದು ಪೆನ್ಸಿಲ್. ಅದಕ್ಕೇ ಬಾಡಿಗೆ ಕೊಡುವ ಮೊದಲು ಬಲಗಡೆಯ ಸಾಲನ್ನಷ್ಟೇ ಯಾರಿಂದಲಾದರೂ ಓದಿಸಿ, ಕಣ್ಣು ಮುಚ್ಚಿ ಕೇಳಿ. ‘ಮನಸ್ಸಿಗೆ ಹಿತವಾದ ಅನುಭವ’ ಅಂತ ಎಲ್ಲಾದರೂ ಕಿವಿಗೆ ಬಿದ್ದರೆ ಹೊಡೆದುಹಾಕಿ. ಹಿತಕ್ಕೆ ಸದ್ದಿಲ್ಲ. ಅಜ್ಜನ ‘ಸುರ್’ಗೆ ಇದೆ.